ಉಡುಗೊರೆ ಅವರ ಮನೆಗೆ, ಬಿಲ್ಲು ನಮ್ಮ ಕೈಗೆ: ಆನ್‌ಲೈನ್ ಉಡುಗೊರೆಯನ್ನು ಬೇರೆಯವರ ವಿಳಾಸಕ್ಕೆ ಕಳುಹಿಸುವ ಕ್ರಮ

ಆನ್‌ಲೈನ್ ಅಂಗಡಿಯಲ್ಲಿ ನಮಗಾಗಿ ಏನನ್ನಾದರೂ ಕೊಂಡಾಗ ಹಣ ಕೊಡುವವರು, ಪೊಟ್ಟಣ ಪಡೆಯುವವರು, ಹಿಡಿಸದಿದ್ದರೆ ಹಿಂದಿರುಗಿಸುವವರು ಎಲ್ಲವೂ ನಾವೇ ಆಗಿರುತ್ತೇವೆ. ಉಡುಗೊರೆಯ ವಿಷಯದಲ್ಲಿ ಹಣ ಕೊಡುವವರು ಒಬ್ಬರು, ಉಳಿದ ಎರಡು ಕೆಲಸಗಳನ್ನು ಮಾಡುವವರು ಇನ್ನೊಬ್ಬರು. ಅಂಗಡಿಯ ವ್ಯವಸ್ಥೆಗೆ ಇದು ತಾನಾಗಿ ತಿಳಿಯುವುದಿಲ್ಲ. ತಲುಪಿಸುವ ವಿಳಾಸ ಬೇರೆಯಾಗಿದೆ ಎಂಬ ಒಂದೇ ಕಾರಣದಿಂದ ಅದು ಈ ಆರ್ಡರನ್ನು ಉಡುಗೊರೆಯೆಂದು ಭಾವಿಸುವುದೂ ಇಲ್ಲ, ಏಕೆಂದರೆ ಕಚೇರಿಗೋ ಊರಿನ ಮನೆಗೋ ತಮ್ಮ ವಸ್ತುವನ್ನೇ ತರಿಸಿಕೊಳ್ಳುವವರು ಬೇಕಾದಷ್ಟಿದ್ದಾರೆ. ಆದ್ದರಿಂದ ಹಣ ಪಾವತಿಸುವ ಮೊದಲು ‘ಇದು ಉಡುಗೊರೆ’ ಎಂದು ನಾವೇ ಗುರುತು ಹಾಕಬೇಕು. ಬೆಲೆ ಮರೆಯಾಗುವುದು, ಗಿಫ್ಟ್ ರಸೀದಿ ಮುದ್ರಣವಾಗುವುದು, ಪಡೆದವರು ತಾವೇ ವಸ್ತುವನ್ನು ಹಿಂದಿರುಗಿಸಲು ಸಾಧ್ಯವಾಗುವುದು, ಈ ಮೂರೂ ಆ ಒಂದು ಗುರುತನ್ನೇ ಅವಲಂಬಿಸಿವೆ. ಆರ್ಡರ್ ದೃಢವಾದ ನಂತರ ಆ ಗುರುತನ್ನು ಸೇರಿಸಲು ಬಹುತೇಕ ಅಂಗಡಿಗಳಲ್ಲಿ ಆಗುವುದಿಲ್ಲ. ಮರೆತಿದ್ದರೆ ವಸ್ತು ಗೋದಾಮಿನಿಂದ ಹೊರಡುವ ಮೊದಲೇ ಆರ್ಡರನ್ನು ರದ್ದು ಮಾಡಿ ಹೊಸದಾಗಿ ಹಾಕುವುದೇ ದಾರಿ.

ವಸ್ತುವನ್ನು ಆರಿಸುವಾಗಲೇ ನೋಡಬೇಕಾದದ್ದು

ಹಲವು ದೊಡ್ಡ ತಾಣಗಳು ಒಂದೇ ಅಂಗಡಿಯಲ್ಲ, ಅವು ಸಂತೆಗಳಿದ್ದಂತೆ. ಒಂದೇ ಪುಟದಲ್ಲಿ ಕಾಣುವ ವಸ್ತುವನ್ನು ತಾಣವೇ ಮಾರುತ್ತಿರಬಹುದು, ಅಥವಾ ಬೇರೊಬ್ಬ ಮಾರಾಟಗಾರ ಮಾರುತ್ತಿರಬಹುದು. ಮಾರುವವರು ಯಾರು ಎಂಬುದಕ್ಕಿಂತ ಪೊಟ್ಟಣ ಕಟ್ಟಿ ಕಳುಹಿಸುವವರು ಯಾರು ಎಂಬುದು ನಮ್ಮ ಕೆಲಸಕ್ಕೆ ಹೆಚ್ಚು ಮುಖ್ಯ. ತಾಣದ ಗೋದಾಮಿನಿಂದ ಹೊರಡುವ ವಸ್ತುವಿಗೆ ಉಡುಗೊರೆಯ ಸೌಲಭ್ಯ ಸಾಮಾನ್ಯವಾಗಿ ಇರುತ್ತದೆ. ಮಾರಾಟಗಾರರು ತಮ್ಮ ಜಾಗದಿಂದಲೇ ಕಳುಹಿಸುವುದಾದರೆ ಆ ಸೌಲಭ್ಯ ಇರದೇ ಹೋಗಬಹುದು, ಅಥವಾ ಗುರುತು ಹಾಕಲು ಅವಕಾಶವಿದ್ದರೂ ಪೊಟ್ಟಣ ಕಟ್ಟುವವರು ಅಭ್ಯಾಸಬಲದಿಂದ ತಮ್ಮ ಬಿಲ್ಲನ್ನು ಒಳಗಿಟ್ಟುಬಿಡಬಹುದು. ವಸ್ತುವಿನ ಪುಟದಲ್ಲಿ ಬೆಲೆಯ ಆಸುಪಾಸಿನಲ್ಲೇ ಮಾರಾಟಗಾರರ ಮತ್ತು ಕಳುಹಿಸುವವರ ಹೆಸರುಗಳಿರುತ್ತವೆ. ಅದೇ ವಸ್ತುವನ್ನು ಇನ್ನೊಬ್ಬ ಮಾರಾಟಗಾರ ಉಡುಗೊರೆಯ ಸೌಲಭ್ಯದೊಂದಿಗೆ ಕೊಡುತ್ತಿದ್ದರೆ, ತುಸು ಹೆಚ್ಚು ಖರ್ಚಾದರೂ ಅದನ್ನೇ ಕೊಳ್ಳುವುದು ನನ್ನ ರೂಢಿ.

ಅದೇ ಪುಟದಲ್ಲಿ ಹಿಂದಿರುಗಿಸುವ ಅವಧಿಯನ್ನೂ ಓದಿಕೊಳ್ಳಬೇಕು. ಒಂದೇ ತಾಣದಲ್ಲೂ ಇದು ವಸ್ತುವಿನಿಂದ ವಸ್ತುವಿಗೆ ಬದಲಾಗುತ್ತದೆ. ಉಡುಪು, ಪಾದರಕ್ಷೆಗಳನ್ನು ಮರಳಿ ಪಡೆಯುವ ಅಂಗಡಿಯೇ ಕೆಲವು ಎಲೆಕ್ಟ್ರಾನಿಕ್ ವಸ್ತುಗಳಿಗೆ ಬದಲಿ ವಸ್ತುವನ್ನಷ್ಟೇ ಕೊಡಬಹುದು. ಹೆಸರು ಕೆತ್ತಿಸಿದ ಅಥವಾ ಅಳತೆ ಕೊಟ್ಟು ಮಾಡಿಸಿದ ವಸ್ತುಗಳನ್ನು ಸಾಮಾನ್ಯವಾಗಿ ಹಿಂದಕ್ಕೆ ತೆಗೆದುಕೊಳ್ಳುವುದೇ ಇಲ್ಲ. ಅಲ್ಲದೆ ಅವಧಿಯ ಎಣಿಕೆ ಆರಂಭವಾಗುವುದು ವಸ್ತು ಮನೆಗೆ ತಲುಪಿದ ದಿನದಿಂದಲೇ ಹೊರತು ಉಡುಗೊರೆಯನ್ನು ಬಿಚ್ಚಿದ ದಿನದಿಂದಲ್ಲ. ಹದಿನೈದು ದಿನ ಮೊದಲೇ ತಲುಪಿ ಕಪಾಟಿನಲ್ಲಿ ಕಾಯುತ್ತಿರುವ ಪೊಟ್ಟಣಕ್ಕೆ 10 ದಿನಗಳ ಅವಧಿ ಇದ್ದರೆ, ಅದನ್ನು ಬಿಚ್ಚುವ ಹೊತ್ತಿಗೆ ಹಿಂದಿರುಗಿಸುವ ಬಾಗಿಲು ಮುಚ್ಚಿರುತ್ತದೆ.

ಎರಡು ವಿಳಾಸ, ಒಂದು ಫೋನ್ ಸಂಖ್ಯೆ

ಆರ್ಡರಿನಲ್ಲಿ ಎರಡು ವಿಳಾಸಗಳಿರುತ್ತವೆ. ತಲುಪಿಸುವ ವಿಳಾಸ ಪಡೆಯುವವರದ್ದು, ಬಿಲ್ಲಿನ ವಿಳಾಸ ನಮ್ಮದು. ‘ಬಿಲ್ಲಿನ ವಿಳಾಸವೂ ಇದೇ’ ಎಂಬ ಚೌಕದಲ್ಲಿ ಹಲವು ಕಡೆ ಮೊದಲೇ ಗುರುತು ಬಿದ್ದಿರುತ್ತದೆ. ಅದನ್ನು ತೆಗೆಯದಿದ್ದರೆ ಎರಡು ತೊಂದರೆಗಳಾಗಬಹುದು. ಕಾರ್ಡಿನ ವಿಳಾಸವನ್ನು ತಾಳೆ ನೋಡುವ ಬ್ಯಾಂಕು ಪಾವತಿಯನ್ನು ತಿರಸ್ಕರಿಸಬಹುದು. ಅದಕ್ಕಿಂತ ಮುಜುಗರದ ಸಂಗತಿಯೆಂದರೆ, ಬಿಲ್ಲು ಪಡೆಯುವವರ ಹೆಸರಿನಲ್ಲೇ ತಯಾರಾಗಿ ಅವರ ಕೈಗೇ ಹೋಗಬಹುದು.

ಹೆಸರಿನ ಜಾಗದಲ್ಲಿ ಆ ಮನೆಯ ಬಾಗಿಲಲ್ಲಿ ಅಥವಾ ಕಾವಲುಗಾರರಿಗೆ ಗೊತ್ತಿರುವ ಹೆಸರನ್ನೇ ಬರೆಯಬೇಕು. ಮನೆಯವರು ಕರೆಯುವ ಮುದ್ದಿನ ಹೆಸರು ಶುಭಾಶಯದ ಚೀಟಿಗೆ ಸರಿ, ವಿಳಾಸಕ್ಕೆ ಸರಿಯಲ್ಲ. ಫೋನ್ ಸಂಖ್ಯೆಯ ವಿಷಯ ತುಸು ಜಟಿಲ. ಅವರ ಸಂಖ್ಯೆ ಕೊಟ್ಟರೆ ಪೊಟ್ಟಣ ತರುವವರು ನೇರವಾಗಿ ಅವರಿಗೇ ಕರೆ ಮಾಡುತ್ತಾರೆ. ಆದರೆ ‘ನಿಮ್ಮ ಆರ್ಡರ್ ಹೊರಟಿದೆ’ ಎಂಬ ಸಂದೇಶವೂ ಅವರಿಗೇ ಹೋಗಿ ಗುಟ್ಟು ರಟ್ಟಾಗುತ್ತದೆ. ನಮ್ಮ ಸಂಖ್ಯೆ ಕೊಟ್ಟರೆ ಗುಟ್ಟು ಉಳಿಯುತ್ತದೆ, ಆದರೆ ಎಲ್ಲಿಂದಲೋ ದಾರಿ ಹೇಳುವ ಹೊಣೆ ನಮ್ಮದಾಗುತ್ತದೆ, ಒಟಿಪಿ ಕೇಳಿದರೆ ಆ ಕ್ಷಣದಲ್ಲೇ ಹೇಳಲು ಫೋನು ಕೈಯಲ್ಲಿರಬೇಕಾಗುತ್ತದೆ. ನನ್ನ ಅನುಭವದಲ್ಲಿ ಅದೇ ಮನೆಯ ಇನ್ನೊಬ್ಬ ಸದಸ್ಯರ ಸಂಖ್ಯೆಯನ್ನು, ಅವರನ್ನು ಮೊದಲೇ ಕೇಳಿಕೊಂಡು ಕೊಡುವುದು ಎಲ್ಲಕ್ಕಿಂತ ಸುಗಮ. ಪಾವತಿಯನ್ನು ಮುಂಗಡವಾಗಿಯೇ ಮಾಡಬೇಕು. ವಸ್ತು ತಲುಪಿದಾಗ ನಗದು ಕೊಡುವ ವಿಧಾನವನ್ನು ಆರಿಸಿದರೆ ಉಡುಗೊರೆ ಪಡೆಯುವವರೇ ಅದರ ಬೆಲೆ ಕೊಟ್ಟು ಬಿಡಿಸಿಕೊಳ್ಳಬೇಕಾಗುತ್ತದೆ.

ಗುರುತು ಹಾಕುವಾಗ

ಉಡುಗೊರೆಯ ಆಯ್ಕೆ ಕೆಲವು ತಾಣಗಳಲ್ಲಿ ಬುಟ್ಟಿಯ ಪುಟದಲ್ಲಿ ಪ್ರತಿ ವಸ್ತುವಿನ ಕೆಳಗೆ ಇರುತ್ತದೆ, ಕೆಲವು ಕಡೆ ವಿಳಾಸ ಆರಿಸಿದ ನಂತರ ಕಾಣಿಸಿಕೊಳ್ಳುತ್ತದೆ. ಬುಟ್ಟಿಯಲ್ಲಿ ಎರಡು ವಸ್ತುಗಳಿದ್ದರೆ ಎರಡಕ್ಕೂ ಬೇರೆಬೇರೆಯಾಗಿ ಗುರುತು ಹಾಕಬೇಕಾಗಬಹುದು. ಒಂದೇ ಕ್ಲಿಕ್ಕಿನಲ್ಲಿ ಕೊಳ್ಳುವ ಗುಂಡಿಯನ್ನು ಒತ್ತಿದರೆ ಈ ಹಂತವೇ ತಪ್ಪಿಹೋಗುತ್ತದೆ. ಉಡುಗೊರೆಗೆ ಆ ಗುಂಡಿಯನ್ನು ಮುಟ್ಟದಿರುವುದು ಒಳ್ಳೆಯದು.

ಈ ಹಂತದಲ್ಲಿ ಮೂರು ಬೇರೆಬೇರೆ ಸಂಗತಿಗಳು ಒಟ್ಟಿಗೆ ಕಾಣುತ್ತವೆ: ಬಣ್ಣದ ಕಾಗದದ ಹೊದಿಕೆ, ಶುಭಾಶಯದ ಚೀಟಿ ಮತ್ತು ಬೆಲೆಯಿಲ್ಲದ ಗಿಫ್ಟ್ ರಸೀದಿ. ಹೊದಿಕೆಗೆ ಹಣ ಕೊಟ್ಟ ಮಾತ್ರಕ್ಕೆ ಬೆಲೆ ಮರೆಯಾಗಿದೆ ಎಂದು ತಿಳಿಯುವುದು ಬಹಳ ಸಾಮಾನ್ಯವಾದ ತಪ್ಪು. ಹೊದಿಕೆ ವಸ್ತುವಿಗೆ, ಬೆಲೆ ಇರುವುದು ಕಾಗದಪತ್ರದಲ್ಲಿ. ಹೊದಿಕೆ ಬೇಡವೆಂದು ಬಿಟ್ಟರೂ ಗಿಫ್ಟ್ ರಸೀದಿಯನ್ನು ಬಹುತೇಕ ಕಡೆ ಉಚಿತವಾಗಿ ಕೊಡುತ್ತಾರೆ, ಆದ್ದರಿಂದ ಅದಕ್ಕೆ ಪ್ರತ್ಯೇಕ ಗುರುತು ಇದ್ದರೆ ತಪ್ಪದೆ ಹಾಕಬೇಕು.

ಶುಭಾಶಯದ ಚೀಟಿಯಲ್ಲಿ ನಮ್ಮ ಹೆಸರನ್ನು ನಾವೇ ಬರೆಯಬೇಕು. ಇಲ್ಲವಾದರೆ ಕಳುಹಿಸಿದವರು ಯಾರೆಂದೇ ತಿಳಿಯದ ಪೊಟ್ಟಣವೊಂದು ಅವರ ಮನೆಗೆ ಬರುತ್ತದೆ, ಏಕೆಂದರೆ ಪೊಟ್ಟಣದ ಮೇಲೆ ಕಳುಹಿಸಿದವರ ಜಾಗದಲ್ಲಿ ಇರುವುದು ಗೋದಾಮಿನ ವಿಳಾಸ. ಕನ್ನಡದಲ್ಲಿ ಬರೆಯುವವರಿಗೆ ಇಲ್ಲಿ ಇನ್ನೆರಡು ತೊಡಕುಗಳಿವೆ. ಚೀಟಿಯ ಉದ್ದಕ್ಕೆ ಮಿತಿಯಿರುತ್ತದೆ, ಮತ್ತು ಯಂತ್ರ ಎಣಿಸುವುದು ನಾವು ಎಣಿಸುವ ಅಕ್ಷರಗಳನ್ನಲ್ಲ. ‘ಸ್ತ್ರೀ’ ಎಂಬುದು ನಮಗೆ ಒಂದೇ ಅಕ್ಷರವಾದರೂ ಯೂನಿಕೋಡಿನ ಲೆಕ್ಕದಲ್ಲಿ ಅದರಲ್ಲಿ ಆರು ಸಂಕೇತಗಳಿವೆ. ಹೀಗಾಗಿ ಒಂದೆರಡು ಸಾಲು ಬರೆಯುವಷ್ಟರಲ್ಲೇ ಮಿತಿ ಮುಗಿಯಬಹುದು. ಇನ್ನೊಂದು ತೊಡಕು ಗೋದಾಮಿನ ಮುದ್ರಕದ್ದು. ಅದರಲ್ಲಿ ಕನ್ನಡದ ಅಕ್ಷರಶೈಲಿ ಇಲ್ಲದಿದ್ದರೆ ಪರದೆಯ ಮೇಲೆ ಚೆನ್ನಾಗಿ ಕಂಡ ಸಂದೇಶ ಚೀಟಿಯಲ್ಲಿ ಖಾಲಿ ಚೌಕಗಳ ಸಾಲಾಗಿ ಬರುತ್ತದೆ. ಆದ್ದರಿಂದ ಕೊನೆಯಲ್ಲಿ ನಮ್ಮ ಹೆಸರನ್ನಾದರೂ ರೋಮನ್ ಲಿಪಿಯಲ್ಲಿ ಇನ್ನೊಮ್ಮೆ ಬರೆದಿಡುವುದು ಕ್ಷೇಮ.

ಈ ಗುರುತಿಗೆ ಬೆಲೆಯ ಆಚೆಗೂ ಒಂದು ಉಪಯೋಗವಿದೆ. ಕೆಲವು ಸಾಧನಗಳು ಕೊಂಡವರ ಖಾತೆಗೆ ಜೋಡಣೆಯಾಗಿಯೇ ಗೋದಾಮಿನಿಂದ ಹೊರಡುತ್ತವೆ. ಅಮೆಜಾನಿನ ಕಿಂಡಲ್ ಓದುಯಂತ್ರ ಇದಕ್ಕೆ ಪರಿಚಿತ ಉದಾಹರಣೆ. ಉಡುಗೊರೆಯೆಂದು ಹೇಳದೆ ಕೊಂಡರೆ, ಪಡೆದವರು ಅದನ್ನು ಚಾಲೂ ಮಾಡಿದಾಗ ತೆರೆದುಕೊಳ್ಳುವುದು ನಮ್ಮ ಪುಸ್ತಕಗಳ ಕಪಾಟು.

ಬೆಲೆ ಸೋರುವ ಜಾಗಗಳು

ಗುರುತು ಹಾಕಿದ ಮೇಲೂ ಬೆಲೆ ಸೋರುವ ಜಾಗಗಳಿವೆ. ಪೊಟ್ಟಣದೊಂದಿಗೆ ಮೂರು ಬಗೆಯ ಕಾಗದಗಳು ಬರಬಹುದು. ಪ್ಯಾಕಿಂಗ್ ಚೀಟಿಯಲ್ಲಿ ಒಳಗೆ ಏನೇನಿದೆ ಎಂಬ ಪಟ್ಟಿಯಿರುತ್ತದೆ, ಉಡುಗೊರೆಯ ಗುರುತಿದ್ದರೆ ಅದರಲ್ಲಿ ಬೆಲೆಯನ್ನು ಕೈಬಿಡುತ್ತಾರೆ. ಗಿಫ್ಟ್ ರಸೀದಿಯಲ್ಲಿ ಆರ್ಡರ್ ಸಂಖ್ಯೆ, ವಸ್ತುವಿನ ಹೆಸರು, ದಿನಾಂಕ ಅಥವಾ ಬಾರ್‌ಕೋಡ್ ಇರುತ್ತದೆ, ಬೆಲೆ ಇರುವುದಿಲ್ಲ. ಮೂರನೆಯದು ತೆರಿಗೆ ಬಿಲ್ಲು. ತೊಂದರೆ ಕೊಡುವುದು ಇದೇ. ಇದು ಲೆಕ್ಕಪತ್ರದ ದಾಖಲೆಯಾದ್ದರಿಂದ ಇದರಲ್ಲಿ ಬೆಲೆ ಇರಲೇಬೇಕು. ಕೆಲವು ಅಂಗಡಿಗಳು ಇದನ್ನು ಕೊಂಡವರ ಇಮೇಲಿಗಷ್ಟೇ ಕಳುಹಿಸುತ್ತವೆ, ಕೆಲವು ಪೊಟ್ಟಣದ ಜೊತೆಗೇ ಕಳುಹಿಸುತ್ತವೆ. ನಾನೊಮ್ಮೆ ಹೊದಿಕೆಗೆ ಹಣ ಕೊಟ್ಟು, ಚೀಟಿ ಬರೆದು, ಎಲ್ಲವೂ ಸರಿಯಾಗಿದೆ ಎಂದುಕೊಂಡು ಕಳುಹಿಸಿದ ಉಡುಗೊರೆಯ ಡಬ್ಬದ ಹೊರಗೆ, ಪಾರದರ್ಶಕ ಪ್ಲಾಸ್ಟಿಕ್ ಲಕೋಟೆಯಲ್ಲಿ, ರಿಯಾಯಿತಿ ಎಷ್ಟೆಂಬುದರ ಸಮೇತ ಬಿಲ್ಲು ಅಂಟಿಕೊಂಡಿತ್ತು. ವಸ್ತು ಹೋದದ್ದು ಬೇರೊಬ್ಬ ಮಾರಾಟಗಾರರ ಜಾಗದಿಂದ ಎಂಬುದನ್ನು ನಾನು ಗಮನಿಸಿರಲಿಲ್ಲ.

ಹೀಗಾಗದಂತೆ ನೋಡಿಕೊಳ್ಳಲು ಅಂಗಡಿಯ ಸಹಾಯವಾಣಿಯನ್ನು ಕೇಳಬೇಕಾದ ಪ್ರಶ್ನೆ ‘ಬೆಲೆ ಮರೆಯಾಗುತ್ತದೆಯೇ’ ಎಂಬುದಲ್ಲ. ಅದಕ್ಕೆ ಹೌದು ಎಂಬ ಉತ್ತರ ಸುಲಭವಾಗಿ ಬರುತ್ತದೆ. ‘ಬಿಲ್ಲನ್ನು ಪೊಟ್ಟಣದ ಜೊತೆ ಕಳುಹಿಸುತ್ತೀರೋ, ಇಮೇಲಿಗೆ ಮಾತ್ರ ಕಳುಹಿಸುತ್ತೀರೋ’ ಎಂದು ಕೇಳಬೇಕು. ಅದೇ ಅಂಗಡಿಯಿಂದ ಹಲವರಿಗೆ ಉಡುಗೊರೆ ಕಳುಹಿಸುವ ಯೋಚನೆಯಿದ್ದರೆ, ಉಡುಗೊರೆಯ ಗುರುತು ಹಾಕಿ ಸಣ್ಣದೊಂದು ವಸ್ತುವನ್ನು ನಮ್ಮ ಮನೆಗೇ ತರಿಸಿಕೊಂಡು ನೋಡಿದರೆ ಯಾರನ್ನೂ ಕೇಳಬೇಕಾಗಿಲ್ಲ.

ಅಂಗಡಿಯ ಕೈಯಲ್ಲಿ ಇಲ್ಲದ ಸೋರಿಕೆಗಳೂ ಇವೆ. ಕೆಲವು ದೇಶಗಳಲ್ಲಿ ತಯಾರಕರು ಗರಿಷ್ಠ ಮಾರಾಟ ಬೆಲೆಯನ್ನು ವಸ್ತುವಿನ ಡಬ್ಬದ ಮೇಲೆಯೇ ಮುದ್ರಿಸಬೇಕೆಂಬ ಕಾನೂನಿದೆ. ಗಿಫ್ಟ್ ಆಯ್ಕೆ ಅದನ್ನು ಅಳಿಸುವುದಿಲ್ಲ. ದೊಡ್ಡ ವಸ್ತುಗಳನ್ನು ತಯಾರಕರ ಡಬ್ಬದಲ್ಲೇ ಕಳುಹಿಸುವುದರಿಂದ ಒಳಗೆ ಏನಿದೆ ಎಂಬುದು ಬಾಗಿಲಲ್ಲೇ ಗೊತ್ತಾಗುತ್ತದೆ. ‘ಅಂಗಡಿಯ ಡಬ್ಬದಲ್ಲಿ ಕಳುಹಿಸಿ’ ಎಂಬ ಆಯ್ಕೆಯಿದ್ದರೆ ಅದನ್ನು ಆರಿಸಬೇಕು. ದೇಶದ ಗಡಿ ದಾಟುವ ಪೊಟ್ಟಣಗಳಲ್ಲಂತೂ ಬೆಲೆಯನ್ನು ಮರೆಮಾಡುವ ಮಾತೇ ಇಲ್ಲ. ಅಂಚೆಯಲ್ಲಿ ಹೋಗುವ ಪೊಟ್ಟಣಗಳಿಗೆ ಸಿಎನ್ 22 ಅಥವಾ ಸಿಎನ್ 23 ಎಂಬ ಸುಂಕದ ನಮೂನೆ ಅಂಟಿಸಿ ಅದರಲ್ಲಿ ವಸ್ತುವಿನ ಮೌಲ್ಯವನ್ನು ಬರೆಯಲೇಬೇಕು, ಕಡಿಮೆ ಬರೆಯುವುದು ಅಪರಾಧ. ಸುಂಕ ಬಿದ್ದರೆ ಅದನ್ನು ಕಟ್ಟುವಂತೆ ಪಡೆಯುವವರನ್ನೇ ಕೇಳುವ ಸಾಧ್ಯತೆಯಿರುವುದರಿಂದ, ಅವರಿರುವ ದೇಶದ ಅಂಗಡಿಯಿಂದಲೇ ಕೊಳ್ಳುವುದು ಎಷ್ಟೋ ಮೇಲು.

ಪಡೆದವರು ಹಿಂದಿರುಗಿಸುವಾಗ

ಖರೀದಿಯ ಒಪ್ಪಂದ ಇರುವುದು ಅಂಗಡಿಗೂ ಹಣ ಕೊಟ್ಟವರಿಗೂ ನಡುವೆ. ಮನಸ್ಸು ಬದಲಿಸಿ ಹಿಂದಿರುಗಿಸಲು ಕಾನೂನೇ ಹಕ್ಕು ಕೊಟ್ಟಿರುವ ಕಡೆಗಳಲ್ಲೂ ಆ ಹಕ್ಕು ಕೊಂಡವರದ್ದು. ಯುರೋಪಿಯನ್ ಒಕ್ಕೂಟದಲ್ಲಿ ಆನ್‌ಲೈನ್ ಖರೀದಿಗೆ ಇರುವ 14 ದಿನಗಳ ಹಕ್ಕು ಹೀಗೆಯೇ. ಉಡುಗೊರೆ ಪಡೆದವರಿಗೆ ಸಿಗುವುದು ಅಂಗಡಿ ತಾನಾಗಿ ಕೊಡುವ ಸೌಲಭ್ಯ, ಅದಕ್ಕೆ ಕೀಲಿ ಗಿಫ್ಟ್ ರಸೀದಿಯಲ್ಲಿರುವ ಆರ್ಡರ್ ಸಂಖ್ಯೆ.

ಕ್ರಮ ಹೀಗಿರುತ್ತದೆ. ಪಡೆದವರು ಆ ತಾಣದಲ್ಲಿ ತಮ್ಮದೇ ಖಾತೆಗೆ ಪ್ರವೇಶಿಸಿ, ಉಡುಗೊರೆ ಹಿಂದಿರುಗಿಸುವ ಪುಟಕ್ಕೆ ಹೋಗಿ, ಆರ್ಡರ್ ಸಂಖ್ಯೆಯನ್ನು ತುಂಬುತ್ತಾರೆ. ಅಮೆಜಾನಿನಲ್ಲಿ ಇದು 17 ಅಂಕಿಗಳ ಸಂಖ್ಯೆ, ಮೂರು, ಏಳು, ಏಳು ಅಂಕಿಗಳ ಗುಂಪುಗಳಾಗಿ ನಡುವೆ ಗೆರೆಯಿಟ್ಟು ಬರೆದಿರುತ್ತದೆ. ನಂತರ ವಸ್ತುವನ್ನೂ ಕಾರಣವನ್ನೂ ಆರಿಸಿದರೆ ಮರಳಿ ಕಳುಹಿಸುವ ಚೀಟಿಯೋ ಕೋಡೋ ಸಿಗುತ್ತದೆ, ಅಥವಾ ಮನೆಗೇ ಬಂದು ಒಯ್ಯುವ ದಿನ ಗೊತ್ತಾಗುತ್ತದೆ. ಅದೇ ಮಾದರಿಯ ಬೇರೆ ಅಳತೆ ಅಥವಾ ಬಣ್ಣಕ್ಕೆ ಬದಲಾಯಿಸಿಕೊಂಡರೆ, ಎರಡರ ಬೆಲೆಯೂ ಒಂದೇ ಆಗಿದ್ದಲ್ಲಿ, ಹಣದ ಮಾತೇ ಬರುವುದಿಲ್ಲ. ಹಣ ಮರಳಿಸುವ ಸಂದರ್ಭದಲ್ಲಿ ಅದು ಸಾಮಾನ್ಯವಾಗಿ ಪಡೆದವರ ಖಾತೆಗೆ ಅಂಗಡಿಯ ಗಿಫ್ಟ್ ಕಾರ್ಡ್ ರೂಪದಲ್ಲಿ ಸೇರುತ್ತದೆ. ಬೆಲೆ ಮುಚ್ಚಿಡುವ ವ್ಯವಸ್ಥೆಗೆ ಇಲ್ಲಿ ಕೊನೆ, ಏಕೆಂದರೆ ಖಾತೆಗೆ ಸೇರಿದ ಮೊತ್ತವೇ ನಾವು ಕೊಟ್ಟ ಬೆಲೆಯನ್ನು ಹೇಳಿಬಿಡುತ್ತದೆ. ರಿಯಾಯಿತಿಯಲ್ಲಿ ಕೊಂಡಿದ್ದರೆ ಆ ರಿಯಾಯಿತಿ ಬೆಲೆಯೇ ಸೇರುತ್ತದೆ. ಇದಕ್ಕೆ ಉಪಾಯವೇನೂ ಇಲ್ಲ. ಬದಲಾಯಿಸಿಕೊಳ್ಳುವ ಸಾಧ್ಯತೆ ಹೆಚ್ಚಿರುವ ವಸ್ತುವಿಗೆ ಬೆಲೆಯ ಗುಟ್ಟು ಕೊನೆಯವರೆಗೂ ಉಳಿಯಬೇಕೆಂದು ನಿರೀಕ್ಷಿಸಬಾರದು.

ಉಡುಗೊರೆಯ ಗುರುತು ಇಲ್ಲದಿದ್ದರೆ ಈ ಪುಟ ಆ ಸಂಖ್ಯೆಯನ್ನು ಒಪ್ಪದಿರಬಹುದು. ಆಗ ಪಡೆದವರು ನಮಗೆ ಹೇಳಬೇಕು, ನಾವು ನಮ್ಮ ಖಾತೆಯಿಂದ ವಿನಂತಿ ಸಲ್ಲಿಸಬೇಕು, ಹಣ ನಾವು ಪಾವತಿಸಿದ ಕಾರ್ಡಿಗೋ ಖಾತೆಗೋ ಮರಳಬೇಕು. ಇದರಲ್ಲಿ ಜನ ಎಡವುವುದು ಒಯ್ಯುವ ವಿಳಾಸದಲ್ಲಿ. ಹಿಂದಿರುಗಿಸುವ ಪುಟದಲ್ಲಿ ನಮ್ಮ ಮನೆಯ ವಿಳಾಸ ತಾನಾಗಿ ಬಂದು ಕೂತಿದ್ದರೆ, ಒಯ್ಯುವವರು ವಸ್ತುವಿಲ್ಲದ ನಮ್ಮ ಮನೆಗೆ ಬಂದು ಬರಿಗೈಯಲ್ಲಿ ಹೋಗುತ್ತಾರೆ.

ಒಂದು ಉದಾಹರಣೆ

ಬೇರೆ ಊರಿನಲ್ಲಿರುವ ಗೆಳತಿಯ ಹುಟ್ಟುಹಬ್ಬ ತಿಂಗಳ 20ನೇ ತಾರೀಖು ಎಂದುಕೊಳ್ಳೋಣ. ಓಟದ ಶೂ ಮತ್ತು ಮೇಜಿನ ದೀಪ ಕಳುಹಿಸಬೇಕು. ಅವಳ ಶೂ ಅಳತೆ ಏಳೋ ಎಂಟೋ ಖಚಿತವಿಲ್ಲ. ಎರಡೂ ಒಂದೇ ತಾಣದಲ್ಲಿ ಸಿಗುತ್ತವೆ. ಶೂಗಳನ್ನು ತಾಣದ ಗೋದಾಮಿನಿಂದ ಕಳುಹಿಸುತ್ತಾರೆ, ಹಿಂದಿರುಗಿಸುವ ಅವಧಿ 10 ದಿನ. ದೀಪವನ್ನು ಬೇರೊಬ್ಬ ಮಾರಾಟಗಾರರು ನೇರವಾಗಿ ಕಳುಹಿಸುತ್ತಾರೆ, ಅದರ ಕೆಳಗೆ ಉಡುಗೊರೆಯ ಆಯ್ಕೆಯೇ ಕಾಣುವುದಿಲ್ಲ.

ಎರಡನ್ನೂ ಒಂದೇ ಬುಟ್ಟಿಯಲ್ಲಿ ಹಾಕಿ ಕಳುಹಿಸಿದರೆ ಶೂ ಬೆಲೆಯಿಲ್ಲದೆಯೂ ದೀಪ ಬಿಲ್ಲಿನ ಸಮೇತವೂ ಬೇರೆಬೇರೆ ದಿನ ತಲುಪುತ್ತವೆ. ಆದ್ದರಿಂದ ಆರ್ಡರನ್ನು ಒಡೆಯಬೇಕು. ದೀಪವನ್ನು ತಿಂಗಳ ಮೊದಲ ವಾರದಲ್ಲೇ ನಮ್ಮ ಮನೆಗೆ ತರಿಸಿಕೊಂಡು, ಉರಿಸಿ ನೋಡಿ, ಬಿಲ್ಲು ತೆಗೆದಿಟ್ಟುಕೊಂಡು, ಕೊರಿಯರ್ ಮೂಲಕ ಕಳುಹಿಸಬೇಕು. ಗಾಜು ಒಡೆದು ಬಂದಿದ್ದರೆ ದೂರು ಕೊಡುವುದು ಆಗ ನಮ್ಮ ಕೈಯಲ್ಲೇ ಇರುತ್ತದೆ. ಶೂಗಳನ್ನು 16 ಮತ್ತು 19ರ ನಡುವೆ ತಲುಪುವಂತೆ ದಿನ ಆರಿಸಿ, ಉಡುಗೊರೆಯ ಗುರುತು ಹಾಕಿ, ಗಿಫ್ಟ್ ರಸೀದಿ ಬೇಕೆಂದು ಸೂಚಿಸಿ ಅವಳ ಮನೆಗೇ ಕಳುಹಿಸಬಹುದು. 1ನೇ ತಾರೀಖಿಗೇ ತಲುಪಿದ್ದರೆ ಅವಧಿ 11ಕ್ಕೆ ಮುಗಿಯುತ್ತಿತ್ತು. 18ಕ್ಕೆ ತಲುಪಿದರೆ 28ರವರೆಗೆ, ಅಂದರೆ ಹುಟ್ಟುಹಬ್ಬದ ನಂತರ ಎಂಟು ದಿನ ಉಳಿಯುತ್ತದೆ.

20ರಂದು ಅವಳು ಶೂ ಹಾಕಿ ನೋಡುತ್ತಾಳೆ, ಏಳು ಬಿಗಿಯಾಗಿದೆ. ಮನೆಯೊಳಗೆ ಮಾತ್ರ ನಡೆದು ನೋಡಿ, ಶೂಗೆ ಕಟ್ಟಿರುವ ಲೇಬಲ್‌ಗಳನ್ನು ಕೀಳದೆ ಇಟ್ಟರೆ ವಸ್ತುವನ್ನು ಮರಳಿ ಪಡೆಯಲು ಅಡ್ಡಿಯಿಲ್ಲ. ತಳಕ್ಕೆ ಮಣ್ಣು ಮೆತ್ತಿದ್ದರೆ ಒಪ್ಪುವುದಿಲ್ಲ. ರಸೀದಿಯ ಸಂಖ್ಯೆ ತುಂಬಿ ಎಂಟರ ಅಳತೆಯನ್ನು ಆರಿಸಿದರೆ ಕೆಲಸ ಮುಗಿಯಿತು, ಅವಳಿಗೆ ಬೆಲೆ ಕಾಣುವುದಿಲ್ಲ. ಎಂಟು ಮುಗಿದುಹೋಗಿದ್ದರೆ ಗಿಫ್ಟ್ ಕಾರ್ಡಿನ ಮೊತ್ತ ಅವಳ ಖಾತೆಗೆ ಸೇರುತ್ತದೆ, ಬೆಲೆ ತಿಳಿಯುತ್ತದೆ. ರಸೀದಿ ಕಳೆದುಹೋಗಿದ್ದರೆ ನಾವು ನಮ್ಮ ಆರ್ಡರ್ ಪುಟದಿಂದ ಸಂಖ್ಯೆಯನ್ನಷ್ಟೇ ಬರೆದು ಕಳುಹಿಸಬೇಕು. ಪುಟದ ಚಿತ್ರವನ್ನು ತೆಗೆದು ಕಳುಹಿಸಿದರೆ ಅದರ ಕೆಳಗೆ ಬೆಲೆಯೂ ಇರುತ್ತದೆ.

ಅವಧಿ ಮುಗಿದ ನಂತರವೂ ಮೂಲ ಬಿಲ್ಲನ್ನು ನಾವು ಇಟ್ಟುಕೊಂಡಿರಬೇಕು. ವಾರಂಟಿ ಇರುವ ವಸ್ತು ಆರು ತಿಂಗಳಿಗೆ ಕೆಟ್ಟರೆ ದುರಸ್ತಿ ಕೇಂದ್ರದವರು ಬಿಲ್ಲನ್ನೇ ಕೇಳಬಹುದು. ಆಗ ಬೆಲೆಯ ಸಾಲನ್ನು ಮುಚ್ಚಿದ ಪ್ರತಿಯನ್ನು ಒಪ್ಪುತ್ತಾರೆಯೇ ಎಂದು ಮೊದಲು ವಿಚಾರಿಸಿ ಕಳುಹಿಸಬಹುದು. ಇನ್ನು, ಆರ್ಡರ್ ಹಾಕಿದ ದಿನವೇ ಮಾಡಬೇಕಾದ ಕೊನೆಯ ಕೆಲಸವೊಂದಿದೆ: ವಿಳಾಸಗಳ ಪಟ್ಟಿಗೆ ಹೋಗಿ ನಮ್ಮ ಮನೆಯನ್ನೇ ಮತ್ತೆ ಮೂಲ ವಿಳಾಸವಾಗಿ ಗುರುತಿಸಬೇಕು. ಹಲವು ತಾಣಗಳು ಕೊನೆಯದಾಗಿ ಬಳಸಿದ ವಿಳಾಸವನ್ನೇ ಮುಂದಿನ ಸಲ ತಾವಾಗಿ ಆರಿಸಿಡುತ್ತವೆ, ನಾವು ನಮಗೆಂದು ತರಿಸಿದ ಕಾಲುಚೀಲ ಗೆಳತಿಯ ಬಾಗಿಲಿಗೆ ಹೋಗಿ ನಿಲ್ಲುತ್ತದೆ.